ಡಕ್ಟಿನ ತಿರುವಿನ ಆಚೆ ಏನಿದೆ ನೋಡಿ: ಸಣ್ಣ ಹೋಟೆಲ್ ಅಡುಗೆಮನೆಯಲ್ಲಿ ಬೆಂಕಿ ಅಪಾಯ ಪರಿಶೀಲಿಸುವ ಬಗೆ

ನಮ್ಮದು ಕಾರವಾರದಲ್ಲಿ ಮೂವತ್ತು ಜನ ಕೂರುವಷ್ಟು ಜಾಗದ ಮೀನೂಟದ ಹೋಟೆಲ್. ಮೂರು ಒಲೆ, ಒಂದು ತವಾ, ಮೀನು ಕರಿಯಲು ಒಂದು ದೊಡ್ಡ ಬಾಣಲೆ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಆ ಬಾಣಲೆಯ ಎಣ್ಣೆ ಭಗ್ಗೆಂದು ಹತ್ತಿಕೊಂಡಿತು. ಹುಡುಗ ಗಾಬರಿಯಾಗದೆ ಒಲೆ ಆರಿಸಿ, ಬಾಣಲೆಗೆ ಮುಚ್ಚಳ ಮುಚ್ಚಿದ. ಅರ್ಧ ನಿಮಿಷದಲ್ಲಿ ಬೆಂಕಿ ಆರಿತು. ಎಲ್ಲರೂ ಉಸಿರು ಬಿಟ್ಟೆವು. ಅಷ್ಟರಲ್ಲಿ ತಲೆಯ ಮೇಲಿಂದ ಒಂದು ಸದ್ದು ಶುರುವಾಯಿತು. ಹಳೇ ಪಂಪ್ ಸ್ಟೋವ್ ಜೋರಾಗಿ ಉರಿಯುವಾಗ ಬರುತ್ತದಲ್ಲ, ಅಂಥ ಮೊರೆತ. ತಗಡು ಟಣ್ ಟಣ್ ಎನ್ನುತ್ತಿತ್ತು. "ಅಣ್ಣಾ, ಪೈಪಿನ ಒಳಗೆ ಉರೀತಾ ಇದೆ" ಅಂತ ಹುಡುಗ ಕೂಗಿದ.

ಫ್ಯಾನ್ ನಿಲ್ಲಿಸಿದೆವು, ಗ್ಯಾಸ್ ಬಂದ್ ಮಾಡಿದೆವು, ಊಟಕ್ಕೆ ಕೂತವರನ್ನೆಲ್ಲ ಹೊರಗೆ ಕಳಿಸಿ ಅಗ್ನಿಶಾಮಕದವರಿಗೆ ಫೋನ್ ಮಾಡಿದೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಪೈಪು, ಅಂದರೆ ಒಲೆಯ ಹೊಗೆಯನ್ನು ಹೊರಗೆ ಒಯ್ಯುವ ತಗಡಿನ ಡಕ್ಟ್, ಮಾಡನ್ನು ದಾಟಿ ಹೋಗುವ ಕಡೆ ಎರಡು ರೀಪು ಇದ್ದಿಲಾಗಿದ್ದವು. ಇನ್ನು ಹತ್ತು ನಿಮಿಷ ಹೋಗಿದ್ದರೆ ಹಂಚಿನ ಮಾಡೇ ಹೋಗುತ್ತಿತ್ತು.

ಅದಕ್ಕೆ ಎರಡು ತಿಂಗಳ ಹಿಂದಷ್ಟೇ ದುಡ್ಡು ಕೊಟ್ಟು ಡಕ್ಟ್ ತೊಳೆಸಿದ್ದೆ. ತೊಳೆದವರು ಫಿಲ್ಟರ್ ತೆಗೆದು, ಕೈಗೆ ಸಿಕ್ಕಷ್ಟು ದೂರ ಉಜ್ಜಿ, ಫಳಫಳ ಮಾಡಿ ಹೋಗಿದ್ದರು. ತಿರುವಿನ ಆಚೆ ಅವರ ಕೈ ಹೋಗಿರಲಿಲ್ಲ. ನನ್ನ ಕಣ್ಣೂ ಹೋಗಿರಲಿಲ್ಲ. ಅಲ್ಲಿಂದೀಚೆಗೆ ಅಡುಗೆಮನೆಯನ್ನು ನಾನೇ ಪರಿಶೀಲಿಸುತ್ತೇನೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಹೆಚ್ಚಿನ ಜಾಗ ಡಕ್ಟಿಗೇ ಹೋಗಿದೆ, ಯಾಕೆಂದರೆ ಉಳಿದದ್ದು ದಿನಾ ಕಣ್ಣೆದುರಿಗೇ ಇರುತ್ತದೆ.

ಎರಡು ಹೊತ್ತಿನಲ್ಲಿ ನೋಡಿ

ಒಂದು ಸಲ ಊಟದ ಗದ್ದಲದಲ್ಲಿ, ಒಂದು ಸಲ ಒಲೆ ತಣ್ಣಗಾದ ಮೇಲೆ. ಎರಡೂ ಬೇಕು.

ಗದ್ದಲದ ಹೊತ್ತಿನಲ್ಲಿ ಒಂದು ಮೂಲೆಯಲ್ಲಿ ಹದಿನೈದು ನಿಮಿಷ ಸುಮ್ನೆ ನಿಂತು ನೋಡಿ. ಬೆಂಕಿ ಎಷ್ಟು ಎತ್ತರಕ್ಕೆ ಏಳುತ್ತದೆ? ಗೋಬಿ ಅಥವಾ ನೂಡಲ್ಸ್ ಎಸೆದು ಹುರಿಯುವಾಗ ನಾಲಗೆ ಫಿಲ್ಟರನ್ನು ಮುಟ್ಟುತ್ತದೆಯಾ? ಬಾಣಲೆ ಕಾಯಲು ಇಟ್ಟು ಯಾರಾದರೂ ಆಚೆ ಹೋಗುತ್ತಾರಾ? ನಮ್ಮಲ್ಲಿ ಇದೇ ಆಗುತ್ತಿತ್ತು. ಬೈತಖೋಲ ಬಂದರಿನಿಂದ ಮೀನಿನ ಬುಟ್ಟಿ ಬಂತು ಅಂದರೆ ಕರಿಯುವವನೇ ಹಿಂಬಾಗಿಲಿಗೆ ಓಡುತ್ತಿದ್ದ. ಒಲೆ ಉರಿಯುತ್ತಲೇ ಇರುತ್ತಿತ್ತು.

ತಣ್ಣಗಾದ ಹೊತ್ತಿನಲ್ಲಿ ಒಂದು ಹಾಳೆಯ ಮೇಲೆ ಅಡುಗೆಮನೆಯ ನಕ್ಷೆ ಬರೆಯಿರಿ. ಚೆಂದ ಬರಬೇಕಾಗಿಲ್ಲ. ಒಲೆ, ಸಿಲಿಂಡರ್, ಬಾಗಿಲು, ಸ್ವಿಚ್ ಬೋರ್ಡ್ ಗುರುತು ಮಾಡಿ. ಆಮೇಲೆ ಒಲೆಯಿಂದ ಹೊಗೆ ಆಚೆ ಬೀಳುವ ಬಾಯಿಯವರೆಗೆ ಡಕ್ಟ್ ಹೋಗುವ ದಾರಿಯನ್ನು ಒಂದೇ ಗೆರೆಯಲ್ಲಿ ಎಳೆಯಿರಿ. ಎಲ್ಲಿ ತಿರುಗುತ್ತದೆ, ಎಲ್ಲಿ ಗೋಡೆ ದಾಟುತ್ತದೆ, ಎಲ್ಲಿ ಮಾಡು ದಾಟುತ್ತದೆ ಎಂಬುದೆಲ್ಲ ಬರಲಿ. ಈ ಗೆರೆ ಎಳೆಯಲು ಹೋದಾಗಲೇ ನನಗೆ ಗೊತ್ತಾದದ್ದು, ನಮ್ಮ ಡಕ್ಟಿನ ಅರ್ಧ ಭಾಗವನ್ನು ನಾನು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ ಅಂತ.

ಜಿಡ್ಡಿನ ದಾರಿ ಹಿಡಿದು ಹೋಗಿ

ಎಣ್ಣೆ ಕಾದಾಗ ಅದರ ಸಣ್ಣ ಹನಿಗಳೂ ಆವಿಯೂ ಹೊಗೆಯ ಜೊತೆ ಮೇಲೇರುತ್ತವೆ. ಸ್ವಲ್ಪ ಭಾಗ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಉಳಿದದ್ದು ಒಳಗೆ ಹೋಗಿ, ತಗಡು ತಣ್ಣಗಿರುವ ಕಡೆ ಕೂರುತ್ತದೆ. ತಿರುವಿನಲ್ಲಿ, ಅಡ್ಡ ಹೋಗುವ ಭಾಗದ ತಳದಲ್ಲಿ, ಫ್ಯಾನಿನ ರೆಕ್ಕೆಯ ಮೇಲೆ ಜಾಸ್ತಿ. ಮೊದಲು ಅಂಟಂಟು, ಆಮೇಲೆ ಜೇನುಬಣ್ಣದ ಅಂಟು, ಕೊನೆಗೆ ಕಪ್ಪು ಹೊಪ್ಪಳೆ. ಬಾಣಲೆಯ ಬೆಂಕಿ ಒಂದು ಕ್ಷಣ ಫಿಲ್ಟರ್ ದಾಟಿದರೆ ಸಾಕು. ಫ್ಯಾನ್ ಗಾಳಿ ಎಳೆಯುತ್ತಿರುತ್ತದೆ, ಡಕ್ಟೇ ಒಲೆಯಾಗುತ್ತದೆ.

ಪರಿಶೀಲನೆಗೆ ಮುಂಚೆ ಗ್ಯಾಸ್ ಸಿಲಿಂಡರಿನಲ್ಲೇ ಬಂದ್ ಮಾಡಿ. ಫ್ಯಾನಿನ ಎಂಸಿಬಿ ಇಳಿಸಿ, ಅದರ ಮೇಲೆ ಟೇಪ್ ಅಂಟಿಸಿ. ನಿಮ್ಮ ಕೈ ಒಳಗಿರುವಾಗ ಯಾರೋ ಸ್ವಿಚ್ ಒತ್ತಬಾರದು.

ಮೊದಲು ಫಿಲ್ಟರ್ ತೆಗೆಯಿರಿ. ಅದು ಜಾಲರಿಯ ತರಹ ಇದ್ದರೆ ಅದೇ ಒಂದು ದೋಷ ಎಂದು ಬರೆದುಕೊಳ್ಳಿ. ಜಾಲರಿ ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಂಕಿ ಬಂದರೆ ತಾನೇ ಬತ್ತಿಯಂತೆ ಉರಿಯುತ್ತದೆ. ಬೇಕಾದದ್ದು ಸ್ಟೀಲ್ ಪಟ್ಟಿಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿದ ಬ್ಯಾಫಲ್ ಫಿಲ್ಟರ್. ಅದರಲ್ಲಿ ಗಾಳಿ ಹಾವಿನಂತೆ ತಿರುಗಿ ಹೋಗಬೇಕು, ಹಾಗಾಗಿ ಜಿಡ್ಡು ಪಟ್ಟಿಗೆ ಬಡಿದು ಕೆಳಗಿನ ತಟ್ಟೆಗೆ ಇಳಿಯುತ್ತದೆ, ಬೆಂಕಿಯ ನಾಲಗೆಗೂ ಅಡ್ಡಿಯಾಗುತ್ತದೆ. ಇದನ್ನು 45 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಓರೆಯಾಗಿ ನಿಲ್ಲಿಸಬೇಕು. ಚಪ್ಪಟೆ ಮಲಗಿಸಿದರೆ ಜಿಡ್ಡು ಇಳಿಯದೆ ಒಲೆಯ ಮೇಲೇ ತೊಟ್ಟಿಕ್ಕುತ್ತದೆ. ಪಟ್ಟಿಯ ಮೇಲೆ ಬೆಂಕಿ ತಾಗಿ ನೀಲಿಗಟ್ಟಿದ ಅಥವಾ ಕರಕಲಾದ ಗುರುತು ಕಂಡರೆ ಒಲೆಗೂ ಫಿಲ್ಟರಿಗೂ ಅಂತರ ಕಡಿಮೆ ಎಂದರ್ಥ. ಅಮೆರಿಕದ ಎನ್‌ಎಫ್‌ಪಿಎ 96 ಎಂಬ ನಿಯಮಾವಳಿ ಇಲ್ಲಿ ಕನಿಷ್ಠ 18 ಇಂಚು ಕೇಳುತ್ತದೆ. ಇದ್ದಿಲ ಒಲೆಯಾದರೆ 4 ಅಡಿ.

ಎರಡು ಫಿಲ್ಟರಿನ ನಡುವೆ ಬೆರಳು ಹೋಗುವಷ್ಟು ಸಂದಿ ಇದೆಯಾ? ತೊಳೆಯಲು ಹೋದ ಒಂದನ್ನು ಹಾಕದೇ ಒಲೆ ಹಚ್ಚಿದ್ದಾರಾ? ಹಾಗಿದ್ದರೆ ಅಷ್ಟು ಜಿಡ್ಡೂ ನೇರ ಒಳಗೆ. ಇದಕ್ಕೆ ನಾವು ಒಂದು ಜೊತೆ ಫಿಲ್ಟರ್ ಹೆಚ್ಚಿಗೆ ಇಟ್ಟುಕೊಂಡೆವು, ಪ್ರತಿ ರಾತ್ರಿ ಬದಲಿಸುತ್ತೇವೆ. ಅಲ್ಯೂಮಿನಿಯಂ ಫಿಲ್ಟರ್ ಇದ್ದವರು ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಬೇಡಿ, ಲೋಹವನ್ನೇ ತಿಂದುಹಾಕುತ್ತದೆ. ಪೆಟ್ರೋಲ್, ಸೀಮೆಎಣ್ಣೆ ಹಾಕಿ ಒರೆಸುವುದಂತೂ ಯಾವತ್ತೂ ಬೇಡ.

ಫಿಲ್ಟರ್ ತೆಗೆದ ಕಡೆಯಿಂದ ಟಾರ್ಚ್ ಹಾಕಿ ಮೇಲೆ ನೋಡಿ. ಮೊಬೈಲನ್ನು ಒಂದು ಕೋಲಿಗೆ ಕಟ್ಟಿ ವಿಡಿಯೋ ಮಾಡಿಕೊಂಡು ಒಳಗೆ ಕಳಿಸಿ. ತಿರುವಿನ ಆಚೆ ನೋಡಲು ಕಿಂಡಿ ಬಾಗಿಲು ಬೇಕು. ಪ್ರತಿ ತಿರುವಿನಲ್ಲೂ ಒಂದು, ಉದ್ದ ಅಡ್ಡ ಹೋಗುವ ಕಡೆ 12 ಅಡಿಗೊಂದು. ಬಾಗಿಲು ಡಕ್ಟಿನ ಪಕ್ಕದಲ್ಲಿರಲಿ, ತಳದಲ್ಲಿ ಬೇಡ, ಅಲ್ಲಿಂದ ಜಿಡ್ಡು ಸೋರುತ್ತದೆ. ಬಾಗಿಲೇ ಇಲ್ಲದ ಡಕ್ಟನ್ನು "ತೊಳೆದಿದೆ" ಅಂತ ಯಾರು ಹೇಳಿದರೂ ನಾನೀಗ ನಂಬುವುದಿಲ್ಲ.

ಹೊರಮೈ ನೋಡುವುದನ್ನು ಮರೆಯಬೇಡಿ. ನಮ್ಮ ಕಡೆಯ ಸಣ್ಣ ಹೋಟೆಲುಗಳಲ್ಲಿ ತೆಳ್ಳಗಿನ ಜಿಐ ತಗಡನ್ನು ಮಡಚಿ, ರಿವೆಟ್ ಹೊಡೆದು ಡಕ್ಟ್ ಮಾಡಿರುವುದೇ ಹೆಚ್ಚು. ಸಮುದ್ರದ ಉಪ್ಪುಗಾಳಿಗೆ ಅದು ಹೊರಗಿನಿಂದ ತುಕ್ಕು ಹಿಡಿಯುತ್ತದೆ. ಜೋಡಣೆಯ ಕೆಳಗೆ ಕಂದು ಬಣ್ಣದ ಸೋರಿಕೆ ಕಂಡರೆ ಅದು ಮಳೆನೀರೋ ಜಿಡ್ಡೋ ಮುಟ್ಟಿ ನೋಡಿ. ಅಂಟಿದರೆ ಜಿಡ್ಡು. ಜಿಡ್ಡು ಸೋರುವ ತೂತಿನಿಂದ ಬೆಂಕಿಯೂ ಬರುತ್ತದೆ. ಹೊಸದಾಗಿ ಮಾಡಿಸುವವರು ಸಂದು ಪೂರ್ತಿ ವೆಲ್ಡ್ ಆದ ಡಕ್ಟನ್ನೇ ಕೇಳಿ. ಅದೇ ನಿಯಮಾವಳಿಯ ಪ್ರಕಾರ ಮಾಮೂಲಿ ಉಕ್ಕಾದರೆ 16 ಗೇಜ್, ಸ್ಟೇನ್‌ಲೆಸ್ ಆದರೆ 18 ಗೇಜ್. ಕರಾವಳಿಯಲ್ಲಿ ಸ್ಟೇನ್‌ಲೆಸ್‌ಗೆ ಖರ್ಚು ಮಾಡಿದ್ದು ವ್ಯರ್ಥವಾಗುವುದಿಲ್ಲ. ಪಿವಿಸಿ ಪೈಪನ್ನು ಹೊಗೆಗೆ ಹಾಕಿರುವುದನ್ನೂ ಕಂಡಿದ್ದೇನೆ. ಅದನ್ನು ಇವತ್ತೇ ತೆಗೆಸಿ.

ಡಕ್ಟ್ ಮಾಡು ದಾಟುವ ಜಾಗಕ್ಕೆ ಏಣಿ ಹಾಕಿ ಹೋಗಿ ನೋಡಿ. ಹಂಚಿನ ಮಾಡಾದರೆ ರೀಪು, ಪಕಾಸು ತಗಡಿಗೆ ಎಷ್ಟು ಹತ್ತಿರ ಇವೆ? ಮರಕ್ಕೂ ಡಕ್ಟಿಗೂ 18 ಇಂಚು ಇರಬೇಕು. ನಮ್ಮಲ್ಲಿ ತಾಗಿಕೊಂಡೇ ಇತ್ತು. ವರ್ಷಗಟ್ಟಲೆ ಬಿಸಿ ತಿಂದ ಮರ ಒಳಗೊಳಗೇ ಕಪ್ಪಾಗಿ, ಹೊಸ ಮರಕ್ಕಿಂತ ಬೇಗ ಹತ್ತಿಕೊಳ್ಳುತ್ತದೆ. ಶಿರಸಿ ಕಡೆ ಅಡಿಕೆ ಸೋಗೆಯ ಮಾಡಿನ ಕೆಳಗೆ ಒಲೆ ಇದ್ದರೆ ಡಕ್ಟಿನ ಬಾಯಿ ಸೋಗೆಯ ಹತ್ತಿರವೂ ಬರಬಾರದು. ಕಟ್ಟಿಗೆ ಒಲೆ ಇದ್ದರೆ ಅದಕ್ಕೆ ಬೇರೆಯೇ ಡಕ್ಟ್ ಬೇಕು, ಪ್ರತಿ ತಿಂಗಳೂ ನೋಡಬೇಕು. ಕಿಡಿ ನೇರ ಜಿಡ್ಡಿಗೆ ಹೋಗುತ್ತದೆ.

ಕೊನೆಗೆ ಹೊರಬಾಯಿ. ಜೂನ್ ಮಳೆಗೆ ನೀರು ಒಳಗೆ ಬರುತ್ತದೆ ಅಂತ ಟಾರ್ಪಾಲು ಹೊದಿಸಿ ಕಟ್ಟುವುದು ನಮ್ಮ ಊರಿನ ರೂಢಿ. ಅದು ಉರಿಯುವ ವಸ್ತು, ಮೇಲಿಂದ ಗಾಳಿಯ ದಾರಿಯನ್ನೂ ಮುಚ್ಚುತ್ತದೆ. ಪಕ್ಕದ ತೆಂಗಿನ ಒಣಗರಿ ಬಾಯಿಗೆ ಬಿದ್ದಿರುತ್ತದೆ. ಬಾಯಿ ಪಡುವಣಕ್ಕೆ ಇದ್ದರೆ ಮಳೆಗಾಲದ ಗಾಳಿ ಹೊಗೆಯನ್ನು ವಾಪಸ್ ನೂಕುತ್ತದೆ. ಫ್ಯಾನ್ ಹಾಕಿ, ಒಲೆಯ ಮೇಲೆ ಹೊಗೆ ಹಿಡಿಯುವ ಹುಡ್ಡಿನ ಅಂಚಿಗೆ ತೆಳು ಕಾಗದದ ಚೂರು ಹಿಡಿದು ನೋಡಿ. ಒಳಕ್ಕೆ ಎಳೆಯಬೇಕು. ಈಚೆ ಹಾರಿದರೆ ಜಿಡ್ಡು ಅಡುಗೆಮನೆಯ ಗೋಡೆ, ವೈರುಗಳ ಮೇಲೆ ಕೂರುತ್ತಿದೆ.

ದಪ್ಪ ಅಳೆಯಿರಿ

"ಸ್ವಲ್ಪ ಜಿಡ್ಡಿದೆ" ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಅಳೆಯಬೇಕು. ಹಸಿ ಪೇಂಟಿನ ದಪ್ಪ ನೋಡಲು ಹಲ್ಲುಹಲ್ಲಾದ ಸಣ್ಣ ಪಟ್ಟಿ ಸಿಗುತ್ತದೆ, ಅದನ್ನು ಜಿಡ್ಡಿಗೆ ಒತ್ತಿದರೆ ಯಾವ ಹಲ್ಲಿನವರೆಗೆ ಅಂಟಿತು ನೋಡಿ ದಪ್ಪ ಹೇಳಬಹುದು. ನಾಲ್ಕೈದು ಕಡೆ ಅಳೆದು ಸರಾಸರಿ ತೆಗೆಯಿರಿ. ಬ್ರಿಟನ್ನಿನಲ್ಲಿ ಬಳಸುವ ಟಿಆರ್ 19 ಎಂಬ ಮಾನದಂಡದ ಪ್ರಕಾರ ಸರಾಸರಿ 200 ಮೈಕ್ರಾನ್, ಅಂದರೆ 0.2 ಮಿಲಿಮೀಟರ್ ಆದರೆ ಪೂರ್ತಿ ತೊಳೆಯಬೇಕು. ಅದು ಎರಡು ಝೆರಾಕ್ಸ್ ಹಾಳೆ ಒಟ್ಟಿಗೆ ಇಟ್ಟಷ್ಟು ದಪ್ಪ.

ಅಷ್ಟಕ್ಕೇ ಯಾಕೆ ಹೆದರಬೇಕು ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸಿತ್ತು. ನಮ್ಮ ಡಕ್ಟಿನ ಲೆಕ್ಕವನ್ನೇ ಮಾಡೋಣ. ಅದು ಒಂದೂವರೆ ಅಡಿ ಚೌಕ, ಅಂದರೆ ಪ್ರತಿ ಬದಿ 45 ಸೆಂಟಿಮೀಟರ್. ಉದ್ದ 6 ಮೀಟರ್. ನಾಲ್ಕೂ ಬದಿ ಸೇರಿದರೆ ಸುತ್ತಳತೆ 1.8 ಮೀಟರ್. ಒಳಮೈ 10.8 ಚದರ ಮೀಟರ್. ಅದರ ಮೇಲೆ 0.2 ಮಿಲಿಮೀಟರ್ ಜಿಡ್ಡು ಎಂದರೆ ಎರಡು ಲೀಟರಿಗೆ ಸ್ವಲ್ಪ ಜಾಸ್ತಿ, ತೂಕದಲ್ಲಿ ಸುಮಾರು 2 ಕಿಲೋ. ಬೆಂಕಿ ಬಿದ್ದ ದಿನ ತಿರುವಿನ ಆಚೆ 2 ಮಿಲಿಮೀಟರ್ ಇತ್ತು. ಡಕ್ಟ್ ಪೂರ್ತಿ ಅಷ್ಟಿದ್ದರೆ 20 ಕಿಲೋ. ಎಣ್ಣೆಜಿಡ್ಡು ಕಿಲೋಗೆ ಕೊಡುವ ಶಾಖ ಅಡುಗೆ ಗ್ಯಾಸಿಗಿಂತ ಸ್ವಲ್ಪವೇ ಕಡಿಮೆ. ಅಂದರೆ ಒಂದು ತುಂಬಿದ 19 ಕಿಲೋ ಕಮರ್ಷಿಯಲ್ ಸಿಲಿಂಡರಿಗೆ ಹತ್ತಿರದಷ್ಟು ಇಂಧನವನ್ನು ತಲೆಯ ಮೇಲೆ ಬಳಿದುಕೊಂಡು ಅಡುಗೆ ಮಾಡಿದಂತೆ.

ಎಷ್ಟು ದಿನಕ್ಕೊಮ್ಮೆ ತೊಳೆಸಬೇಕು? ಟಿಆರ್ 19ರ ಹಿಂದಿನ ಆವೃತ್ತಿ ಒಲೆ ಉರಿಯುವ ಗಂಟೆ ಲೆಕ್ಕ ಹಾಕುತ್ತಿತ್ತು. ದಿನಕ್ಕೆ 12ರಿಂದ 16 ಗಂಟೆಯಾದರೆ 3 ತಿಂಗಳಿಗೆ, 6ರಿಂದ 12 ಗಂಟೆಯಾದರೆ 6 ತಿಂಗಳಿಗೆ, ಅದಕ್ಕೂ ಕಡಿಮೆಯಾದರೆ ವರ್ಷಕ್ಕೆ. ನಮ್ಮದು ಬೆಳಗಿನ ತಿಂಡಿ 3 ಗಂಟೆ, ಮಧ್ಯಾಹ್ನ ಮೂರೂವರೆ, ರಾತ್ರಿ ಮೂರೂವರೆ, ಒಟ್ಟು 10 ಗಂಟೆ. ಲೆಕ್ಕದ ಪ್ರಕಾರ 6 ತಿಂಗಳು. ಆದರೆ ನಮ್ಮ ಕೆಲಸ ಹೆಚ್ಚೆಲ್ಲ ಕರಿಯುವುದೇ. ಅದಕ್ಕೆ ಪೂರ್ತಿ ತೊಳೆಸಿದ ಮೇಲೆ ಪ್ರತಿ ತಿಂಗಳು ತಿರುವಿನ ಆಚೆ ಅಳೆಯುತ್ತಾ ಹೋದೆ. ಮೂರನೇ ತಿಂಗಳ ಕೊನೆಗೆ 0.2 ಮುಟ್ಟಿತು. ಹಾಗಾಗಿ ನಮ್ಮ ಅವಧಿ 3 ತಿಂಗಳು. ಇಡ್ಲಿ, ಸಾಂಬಾರು ಮಾಡುವವರಿಗೆ ಅವಧಿ ಇದಕ್ಕಿಂತ ತುಂಬಾ ಉದ್ದವಿರಬಹುದು. ನಿಮ್ಮ ಅವಧಿಯನ್ನು ನಿಮ್ಮ ಡಕ್ಟಿನ ಅಳತೆಯಿಂದಲೇ ತಿಳಿಯಿರಿ.

ತೊಳೆಯುವವರ ಜೊತೆ ಮೊದಲೇ ಒಂದು ಮಾತು ಆಡಿಕೊಳ್ಳಿ: ಪ್ರತಿ ಕಿಂಡಿಯಿಂದ ಮುಂಚೆ ಒಂದು ಫೋಟೋ, ಆಮೇಲೆ ಒಂದು ಫೋಟೋ, ಫ್ಯಾನಿನ ರೆಕ್ಕೆಯದೂ ಸೇರಿ. ತಗಡು ಬರಿಮೈ ಕಾಣಬೇಕು. ಮುಟ್ಟಲಾಗದ ಜಾಗ ಇದ್ದರೆ ಅದನ್ನು ಬಿಲ್ಲಿನ ಮೇಲೇ ಬರೆಸಿ. ಇದಿಲ್ಲದೆ ದುಡ್ಡು ಕೊಡಬೇಡಿ.

ಕೆಳಗಿನ ಬೆಂಕಿ

ಡಕ್ಟಿಗೆ ಬೆಂಕಿ ಹೋಗುವುದು ಒಲೆಯಿಂದ. ಅಡುಗೆ ಎಣ್ಣೆ ಸಾಮಾನ್ಯವಾಗಿ 230 ಡಿಗ್ರಿ ಸುತ್ತಮುತ್ತ ಹೊಗೆಯಾಡುತ್ತದೆ, ಗಾಣದ ಕೊಬ್ಬರಿ ಎಣ್ಣೆ ಅದಕ್ಕೂ ಮುಂಚೆಯೇ. 360 ಡಿಗ್ರಿ ದಾಟಿದ ಮೇಲೆ ಬೆಂಕಿ ತಾಗದೆಯೂ ತಾನೇ ಹತ್ತಿಕೊಳ್ಳಬಹುದು. ಹೊಗೆ ಕಂಡ ಕೂಡಲೇ ಒಲೆ ಬಂದ್ ಎಂಬುದು ನಮ್ಮಲ್ಲಿ ಈಗ ನಿಯಮ. ಬಾಣಲೆಯಲ್ಲಿ ಎಣ್ಣೆ ಅರ್ಧಕ್ಕಿಂತ ಮೇಲೆ ಇಲ್ಲ, ಅದರ ಅಳತೆಯ ಮುಚ್ಚಳ ಪಕ್ಕದ ಮೊಳೆಯಲ್ಲೇ ನೇತಾಡುತ್ತದೆ. ಕರಿಯುವ ಬಾಣಲೆಗೂ ಪಕ್ಕದ ಬೆಂಕಿಗೂ 16 ಇಂಚು ಅಂತರ ಇಟ್ಟಿದ್ದೇವೆ.

ಎಣ್ಣೆಬೆಂಕಿಗೆ ನೀರು ಹಾಕಿದರೆ ನೀರು ತಳಕ್ಕಿಳಿದು ಒಮ್ಮೆಲೇ ಆವಿಯಾಗುತ್ತದೆ. ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಆವಿ. ಆ ರಭಸಕ್ಕೆ ಉರಿಯುವ ಎಣ್ಣೆ ನೇರ ಡಕ್ಟಿಗೆ ಏಳುತ್ತದೆ. ಬೆಂಕಿ ಆರಿಸುವ ಒಣಪುಡಿಯ ಎಬಿಸಿ ಸಿಲಿಂಡರ್ ಜ್ವಾಲೆಯನ್ನೇನೋ ನಂದಿಸುತ್ತದೆ, ಎಣ್ಣೆ ತಣ್ಣಗಾಗದ ಕಾರಣ ಮತ್ತೆ ಹತ್ತಿಕೊಳ್ಳುತ್ತದೆ. ಅಡುಗೆಮನೆಗೆ ಬೇಕಾದದ್ದು ಎಣ್ಣೆಬೆಂಕಿಗೆಂದೇ ಇರುವ ಎಫ್ ವರ್ಗದ ವೆಟ್ ಕೆಮಿಕಲ್ ಸಿಲಿಂಡರ್. ಅದು ಎಣ್ಣೆಯ ಮೇಲೆ ಸಾಬೂನಿನಂಥ ಪದರ ಕಟ್ಟಿ, ತಣ್ಣಗೂ ಮಾಡುತ್ತದೆ. ಅದನ್ನು ಒಲೆಯ ಮೇಲಲ್ಲ, ಬಾಗಿಲ ಹತ್ತಿರ ಇಡಿ. ತಿಂಗಳಿಗೊಮ್ಮೆ ಮುಳ್ಳು ಹಸಿರಿನಲ್ಲಿದೆಯಾ ನೋಡಿ, ಬುಡ ಎತ್ತಿ ತುಕ್ಕು ನೋಡಿ.

ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ, ಗಟಾರದಲ್ಲಿ ನಿಲ್ಲುತ್ತದೆ. ಸಿಲಿಂಡರುಗಳು ನೆಟ್ಟಗೆ, ಅಡುಗೆಮನೆಯ ಹೊರಗೆ, ಗಾಳಿಯಾಡುವ ಕಡೆ ಇರಲಿ. ಬಂದ್ ಮಾಡುವ ವಾಲ್ವ್ ಬೆಂಕಿಯನ್ನು ದಾಟದೆ ಕೈಗೆ ಸಿಗಬೇಕು. ನಮ್ಮದು ಬಾಣಲೆಯ ಹಿಂದಿತ್ತು, ಬಾಗಿಲ ಹೊರಗೆ ಹಾಕಿಸಿದೆ. ಸೋರಿಕೆಯನ್ನು ಸೋಪಿನ ನೀರಿನಿಂದ ನೋಡಿ.

ಯಾರಿದ್ದಾರೆ, ಎಲ್ಲಿದ್ದಾರೆ

ಗಿರಾಕಿಗಳು ಬೇಗ ಹೊರಗೆ ಹೋಗುತ್ತಾರೆ. ನಾನು ಹೆಚ್ಚು ಯೋಚಿಸಿದ್ದು ಅಟ್ಟದಲ್ಲಿ ಮಲಗುವ ಹುಡುಗರ ಬಗ್ಗೆ. ಬೇರೆ ಊರುಗಳಿಂದ ಬಂದವರು, ರಾತ್ರಿ ಕೆಲಸ ಮುಗಿಸಿ ಅಡುಗೆಮನೆಯ ಮೇಲೇ ಮಲಗುತ್ತಿದ್ದರು. ಡಕ್ಟ್ ಅವರ ತಲೆದಿಂಬಿನಿಂದ ಮೂರು ಅಡಿ ದೂರ. ಇಳಿಯಲು ಇದ್ದದ್ದು ಒಲೆಯ ಪಕ್ಕದ ಒಂದೇ ಏಣಿ. ಡಕ್ಟಿನ ಬೆಂಕಿ ರಾತ್ರಿ ಬಿದ್ದಿದ್ದರೆ ಎಂದು ಈಗಲೂ ನೆನೆಸಿಕೊಳ್ಳುತ್ತೇನೆ. ಅವರಿಗೆ ಹಿಂದಿನ ಓಣಿಯಲ್ಲಿ ಕೋಣೆ ಮಾಡಿಕೊಟ್ಟೆ. ನಿಮ್ಮಲ್ಲೂ ಹೀಗಿದ್ದರೆ ಪಟ್ಟಿಯಲ್ಲಿ ಇದನ್ನೇ ಮೊದಲು ಬರೆಯಿರಿ.

ಬರೆದಿಡುವುದು

ಕಂಡ ಪ್ರತಿಯೊಂದಕ್ಕೂ ಎರಡು ಪ್ರಶ್ನೆ: ಆಗುವ ಸಂಭವ ಎಷ್ಟು, ಆದರೆ ಪೆಟ್ಟು ಎಷ್ಟು. ಎರಡಕ್ಕೂ 1ರಿಂದ 3 ಅಂಕ ಕೊಟ್ಟು ಗುಣಿಸಿ. 6 ಅಥವಾ 9 ಬಂದರೆ ಅದೇ ವಾರ, 3 ಅಥವಾ 4 ಬಂದರೆ ಅದೇ ತಿಂಗಳು, ಅದಕ್ಕಿಂತ ಕಡಿಮೆಯದು ಮುಂದಿನ ಪರಿಶೀಲನೆಯೊಳಗೆ. ಪರಿಹಾರ ಹುಡುಕುವಾಗ ಮೊದಲು ಅಪಾಯವನ್ನೇ ತೆಗೆಯಲು ಆಗುತ್ತದಾ ನೋಡಿ, ಆಗದಿದ್ದರೆ ಕಡಿಮೆ ಮಾಡಿ, ಬೆಂಕಿ ಆರಿಸುವ ಸಾಮಾನು ಕೊನೆಯದು. ನಮ್ಮ ಮೊದಲ ಪುಟದ ಮೂರು ಸಾಲು ಹೀಗಿದ್ದವು:

ಅಟ್ಟದಲ್ಲಿ ಮಲಗುವುದು: ಸಂಭವ 2, ಪೆಟ್ಟು 3, ಒಟ್ಟು 6. ಇವತ್ತಿನಿಂದಲೇ ಬಂದ್. ಹೊಣೆ ನನ್ನದು.

ತಿರುವಿನ ಆಚೆ 2 ಮಿಲಿಮೀಟರ್ ಜಿಡ್ಡು, ಕಿಂಡಿ ಇಲ್ಲ: ಸಂಭವ 3, ಪೆಟ್ಟು 3, ಒಟ್ಟು 9. ಕಿಂಡಿ ಇಟ್ಟು ತೊಳೆಯುವವರೆಗೆ ಕರಿಯುವುದು ಬಂದ್.

ಮಾಡಿನ ಮರ ಡಕ್ಟಿಗೆ ತಾಗಿದೆ: ಸಂಭವ 2, ಪೆಟ್ಟು 3, ಒಟ್ಟು 6. ರೀಪು ಕತ್ತರಿಸಿ, ಸುತ್ತ ಕಬ್ಬಿಣದ ಚೌಕಟ್ಟು.

ಬೆಂಕಿ ಬಿದ್ದಾಗ ಯಾರು ಏನು ಮಾಡಬೇಕು ಎಂಬುದೂ ಅದೇ ಪುಟದಲ್ಲಿದೆ. ಒಬ್ಬ ಗ್ಯಾಸ್ ಬಂದ್ ಮಾಡುತ್ತಾನೆ. ಒಬ್ಬ ಫ್ಯಾನ್ ನಿಲ್ಲಿಸುತ್ತಾನೆ, ಓಡುತ್ತಿದ್ದರೆ ಅದು ಬೆಂಕಿಯನ್ನು ಒಳಕ್ಕೆ ಎಳೆಯುತ್ತದೆ. ಹುಡ್ಡಿನೊಳಗೆ ತಾನಾಗಿ ಸಿಂಪಡಿಸುವ ವ್ಯವಸ್ಥೆ ಇರುವವರು ಮಾತ್ರ ಫ್ಯಾನಿನ ವಿಷಯದಲ್ಲಿ ಅದನ್ನು ಕೂರಿಸಿದವರು ಹೇಳಿದಂತೆ ಮಾಡಬೇಕು. ಗಲ್ಲಾದಲ್ಲಿ ಕೂತವರು ಜನರನ್ನು ಹೊರಗೆ ಕಳಿಸಿ 112ಕ್ಕೆ ಫೋನ್ ಮಾಡುತ್ತಾರೆ, ಗ್ಯಾಸ್ ಸೋರಿಕೆ ಮಾತ್ರವಾದರೆ 1906. ಬೆಂಕಿ ಡಕ್ಟಿನೊಳಗೆ ಹೋಯಿತು ಎಂದಾದರೆ ನಮ್ಮಲ್ಲಿ ಯಾರೂ ಅದರ ಜೊತೆ ಹೋರಾಡುವುದಿಲ್ಲ. ಕೈಯಲ್ಲಿ ಹಿಡಿದು ಬೆಂಕಿ ಆರಿಸುವ ಸಿಲಿಂಡರ್ ತಿರುವಿನ ಆಚೆ ಮುಟ್ಟುವುದಿಲ್ಲ, ಕಿಂಡಿ ತೆಗೆದರೆ ಗಾಳಿ ಸಿಕ್ಕಿ ಮುಖಕ್ಕೇ ಉಗುಳುತ್ತದೆ. ಅಗ್ನಿಶಾಮಕದವರು ಬಂದಾಗ ಡಕ್ಟಿನ ದಾರಿ ಬರೆದ ಆ ನಕ್ಷೆಯನ್ನು ಅವರ ಕೈಗೆ ಕೊಡಬೇಕು. ಅದಕ್ಕೆ ಒಂದು ಪ್ರತಿ ಗಲ್ಲಾದ ಖಾನೆಯಲ್ಲಿದೆ.

ನಾವು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಕೊನೆಗೆ ತೊಳೆಸಿ ಪುಟ ತಿರುವಿ ಹಾಕುತ್ತೇವೆ. ಮೇ ಕೊನೆಯದು ಮಳೆಗೆ ಮುಂಚೆ ತುಕ್ಕು ನೋಡಲು ಅನುಕೂಲ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ಎರಡು ತಿಂಗಳು ಕರಿಯುವುದು ಕಡಿಮೆ, ಆಗ ತಗಡಿನ ರಿಪೇರಿ ಮಾಡಿಸಿಕೊಳ್ಳಬಹುದು. ಹೊಸ ಒಲೆ ಬಂದರೆ, ಮೆನುವಿಗೆ ಕರಿದ ಪದಾರ್ಥ ಸೇರಿದರೆ, ಡಕ್ಟಿನ ದಾರಿ ಬದಲಾದರೆ ತಾರೀಕಿಗೆ ಕಾಯದೆ ಆ ವಾರವೇ ಮತ್ತೆ ಅಳೆಯುತ್ತೇವೆ. ಕಳೆದ ಸಲ ಸಿಗಡಿ ಗೋಲ್ಡನ್ ಫ್ರೈ ಶುರು ಮಾಡಿದಾಗ 0.2 ಮಿಲಿಮೀಟರ್ ಎರಡೇ ತಿಂಗಳಿಗೆ ಬಂದುಬಿಟ್ಟಿತ್ತು.